ಡೈರೆಕ್ಟ್ ಬಿಲಿರುಬಿನ್ ಜಾಸ್ತಿ ಇದ್ದರೆ ಅಬ್‌ಸ್ಟ್ರಕ್ಟಿವ್ ಜಾಂಡಿಸ್ ಅಂತ ಬರೆಯಬಹುದಾ?

ಪ್ರಶ್ನೆ: ಸರ್, ನಾನು ಎರಡನೇ ವರ್ಷದ ಎಂಬಿಬಿಎಸ್. ಇಂಟರ್ನಲ್ಸ್‌ನಲ್ಲಿ ಒಂದು ಕೇಸ್ ಕೊಟ್ಟಿದ್ದರು. 22 ವರ್ಷದ ಹುಡುಗ, ಐದು ದಿನ ಜ್ವರ, ವಾಂತಿ, ಆಮೇಲೆ ಕಣ್ಣು ಹಳದಿ. ಒಟ್ಟು ಬಿಲಿರುಬಿನ್ 8.4, ಡೈರೆಕ್ಟ್ 5.6, ಎಎಲ್‌ಟಿ 1260, ಎಎಸ್‌ಟಿ 980, ಎಎಲ್‌ಪಿ 190. ಡೈರೆಕ್ಟ್ ಜಾಸ್ತಿ, ಎಎಲ್‌ಪಿನೂ ಜಾಸ್ತಿ ಅಂತ ಅಬ್‌ಸ್ಟ್ರಕ್ಟಿವ್ ಜಾಂಡಿಸ್ ಬರೆದೆ. ಸೊನ್ನೆ ಬಂತು. ಹೆಪಟೈಟಿಸ್, ಅಬ್‌ಸ್ಟ್ರಕ್ಷನ್ ಎರಡರಲ್ಲೂ ಎಲ್ಲವೂ ಏರುತ್ತೆ ಅಂದ್ರೆ ಬೇರೆ ಮಾಡೋದು ಹೇಗೆ?

ಉತ್ತರ: ಪೂರ್ತಿ ಸೊನ್ನೆ ಕೊಟ್ಟಿದ್ದು ಸ್ವಲ್ಪ ಕಠಿಣವೇ ಆಯಿತು. ಆದರೆ ದಾರಿ ತಪ್ಪಿದ್ದು ಎಲ್ಲಿ ಅಂತ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿದೆ. ನೀವು ಮೊದಲು ಡೈರೆಕ್ಟ್ ಬಿಲಿರುಬಿನ್ ನೋಡಿದಿರಿ. ಪಠ್ಯಪುಸ್ತಕದ ಕೋಷ್ಟಕ ನಮಗೆ ಕಲಿಸಿದ್ದೇ ಹಾಗೆ, ಅಲ್ವಾ? ಹಿಮೊಲಿಟಿಕ್ ಅಂದರೆ ಇನ್‌ಡೈರೆಕ್ಟ್, ಅಬ್‌ಸ್ಟ್ರಕ್ಟಿವ್ ಅಂದರೆ ಡೈರೆಕ್ಟ್, ಹೆಪಾಟಿಕ್ ಅಂದರೆ ಎರಡೂ. ಮೂರನೆಯ ಆ "ಎರಡೂ" ಅನ್ನುವ ಮಾತೇ ಹುಡುಗರನ್ನು ಕೆಡಿಸುವುದು. ಅರ್ಧಕ್ಕರ್ಧ ಇರಬೇಕೇನೋ ಅಂದುಕೊಳ್ಳುತ್ತಾರೆ. 8.4ರಲ್ಲಿ 5.6 ಡೈರೆಕ್ಟ್ ಕಂಡ ಕೂಡಲೇ ಇದು ಹೆಪಟೈಟಿಸ್ ಅಲ್ಲ ಅಂತ ತೀರ್ಮಾನಿಸುತ್ತಾರೆ.

ಲಿವರ್ ಜೀವಕೋಶಕ್ಕೆ ಬಿಲಿರುಬಿನ್ ವಿಷಯದಲ್ಲಿ ಮೂರು ಕೆಲಸ. ರಕ್ತದಿಂದ ಒಳಗೆ ಎಳೆದುಕೊಳ್ಳಬೇಕು. ಗ್ಲುಕುರಾನಿಕ್ ಆಮ್ಲದ ಜೊತೆ ಜೋಡಿಸಬೇಕು. ಜೋಡಿಸಿದ್ದನ್ನು ಪಿತ್ತದ ಸಣ್ಣ ಕಾಲುವೆಗೆ ಪಂಪ್ ಮಾಡಬೇಕು. ಮೂರರಲ್ಲಿ ಕೊನೆಯದೇ ನಿಧಾನ, ಅದಕ್ಕೇ ಶಕ್ತಿ ಜಾಸ್ತಿ ಬೇಕು. ವೈರಸ್ ಬಂದು ಜೀವಕೋಶ ಸುಸ್ತಾದಾಗ ಮೊದಲು ಕೈಕೊಡುವುದೂ ಈ ಪಂಪೇ. ಜೋಡಿಸುವ ಕೆಲಸ ಮಾತ್ರ ಬಹಳ ದಿನ ಹೇಗೋ ನಡೆಯುತ್ತಿರುತ್ತದೆ. ಹಾಗಾಗಿ ಡೈರೆಕ್ಟ್ ಬಿಲಿರುಬಿನ್ ತಯಾರಾಗುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಮತ್ತೆ ರಕ್ತಕ್ಕೆ ಮರಳುತ್ತದೆ. ನಾಳದಲ್ಲಿ ಕಲ್ಲು ಕೂತಾಗ ಆಗುವುದೂ ಹೆಚ್ಚುಕಡಿಮೆ ಇದೇ. ಹೆಪಟೈಟಿಸ್‌ನಲ್ಲಿ ಪಂಪ್ ನಿಂತಿದೆ, ಕಲ್ಲಿನಲ್ಲಿ ಪೈಪ್ ಕಟ್ಟಿದೆ. ರಕ್ತದಲ್ಲಿ ಕಾಣುವ ಬಣ್ಣ ಮಾತ್ರ ಒಂದೇ.

ಡೈರೆಕ್ಟ್ ಶೇಕಡಾ 50ಕ್ಕಿಂತ ಜಾಸ್ತಿ ಇದ್ದರೆ ಅದರ ಅರ್ಥ ಇಷ್ಟೇ: ಇದು ಹಿಮೊಲಿಸಿಸ್ ಅಲ್ಲ, ಗಿಲ್ಬರ್ಟ್ ಅಲ್ಲ. ಲಿವರ್ ಅಥವಾ ಅದರಿಂದ ಮುಂದಿನ ನಾಳದಲ್ಲಿ ತೊಂದರೆ ಇದೆ. ಆ ಎರಡರಲ್ಲಿ ಯಾವುದು ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ಮೂತ್ರದಲ್ಲಿ ಬಿಲಿರುಬಿನ್ ಪಾಸಿಟಿವ್ ಬಂದರೂ ಇದೇ ಕಥೆ. ಆದ್ದರಿಂದ ಮುಂದಿನ ಸಲ ಬಿಲಿರುಬಿನ್ ನೋಡಿ, ಹಿಮೊಲಿಸಿಸ್ ತೆಗೆದುಹಾಕಿ, ಅಲ್ಲಿಗೆ ಅದನ್ನು ಬಿಡಿ. ಉಳಿದದ್ದನ್ನು ಎಂಜೈಮ್‌ಗಳು ಹೇಳಬೇಕು.

ಎಂಜೈಮ್‌ಗಳನ್ನು ಬಾಯಿಪಾಠ ಮಾಡಬೇಡಿ. ಅವು ಎಲ್ಲಿ ಇರುತ್ತವೆ ಅಂತ ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ಸಾಕು. ಎಎಲ್‌ಟಿ, ಅಂದರೆ ಹಳೆಯ ಹೆಸರಿನಲ್ಲಿ ಎಸ್‌ಜಿಪಿಟಿ, ಜೀವಕೋಶದೊಳಗಿನ ದ್ರವದಲ್ಲಿ ಕರಗಿಕೊಂಡೇ ಇರುತ್ತದೆ. ಕೊಡ ಒಡೆದರೆ ನೀರು ಚೆಲ್ಲಿದ ಹಾಗೆ, ಜೀವಕೋಶಕ್ಕೆ ಪೆಟ್ಟು ಬಿದ್ದ ಕೂಡಲೇ ರಕ್ತಕ್ಕೆ ಚೆಲ್ಲುತ್ತದೆ. ಎಎಲ್‌ಪಿ ಹಾಗಲ್ಲ. ಅದು ಪಿತ್ತದ ಕಾಲುವೆಯ ಕಡೆಗಿರುವ ಪೊರೆಗೆ ಅಂಟಿಕೊಂಡಿರುತ್ತದೆ. ಜೀವಕೋಶ ಒಡೆದರೂ ಅದು ರಾಶಿಯಾಗಿ ಹೊರಗೆ ಬರುವುದಿಲ್ಲ. ಪಿತ್ತ ಕಟ್ಟಿ ನಿಂತಾಗ ಪಿತ್ತಾಮ್ಲಗಳು ಜೀವಕೋಶವನ್ನು ಕೆಣಕಿ ಹೊಸ ಎಎಲ್‌ಪಿ ತಯಾರಿಸುವಂತೆ ಮಾಡುತ್ತವೆ, ಪೊರೆಯಿಂದ ಅದನ್ನು ಬಿಡಿಸುತ್ತವೆ ಕೂಡ. ಹೀಗೆ ಎಎಲ್‌ಟಿ ಚೆಲ್ಲುವ ಎಂಜೈಮ್, ಎಎಲ್‌ಪಿ ತಯಾರಾಗಬೇಕಾದ ಎಂಜೈಮ್. ಚೆಲ್ಲಲು ಗಂಟೆಗಳು ಸಾಕು. ತಯಾರಾಗಲು ಒಂದೆರಡು ದಿನ ಬೇಕು. ಈ ಸಮಯದ ವ್ಯತ್ಯಾಸ ನೆನಪಿರಲಿ, ಮುಂದೆ ಒಂದು ಕೇಸಿನಲ್ಲಿ ಅದೇ ಮುಖ್ಯವಾಗುತ್ತದೆ.

"ಎರಡರಲ್ಲೂ ಎಲ್ಲವೂ ಏರುತ್ತೆ" ಅಂದಿರಿ. ನಿಜ. ಆದರೆ ಎಷ್ಟು ಪಟ್ಟು ಏರಿದೆ ಅನ್ನುವುದು ಬೇರೆ. ಬರಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು, ಏಕೆಂದರೆ ಎರಡರ ಸಹಜ ಮಿತಿ ಬೇರೆ ಬೇರೆ. ಪ್ರತಿಯೊಂದನ್ನೂ ಅದರದ್ದೇ ಮೇಲಿನ ಮಿತಿಯಿಂದ ಭಾಗಿಸಿ, ಆಮೇಲೆ ಒಂದನ್ನು ಇನ್ನೊಂದರಿಂದ ಭಾಗಿಸಿ. ಇದಕ್ಕೆ ಆರ್ ಅನುಪಾತ ಅನ್ನುತ್ತಾರೆ.

R = (ALT / ULN) ÷ (ALP / ULN)

ಇಲ್ಲಿ ULN ಅಂದರೆ ಆಯಾ ಲ್ಯಾಬಿನ ಮೇಲಿನ ಸಹಜ ಮಿತಿ. ಉತ್ತರ 5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆಪಾಟೊಸೆಲ್ಯುಲರ್, 2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೊಲೆಸ್ಟಾಟಿಕ್, ನಡುವೆ ಬಂದರೆ ಮಿಶ್ರ. ಇದು ಮೂಲತಃ ಔಷಧಿಯಿಂದಾದ ಲಿವರ್ ಹಾನಿಯನ್ನು ವಿಂಗಡಿಸಲು ಮಾಡಿಕೊಂಡ ಲೆಕ್ಕ. ಪರೀಕ್ಷೆಯ ಕೇಸಿಗೂ ಚೆನ್ನಾಗಿ ಒಗ್ಗುತ್ತದೆ.

ನಿಮ್ಮ ಹುಡುಗನನ್ನೇ ತೆಗೆದುಕೊಳ್ಳೋಣ. ಪ್ರಶ್ನೆಪತ್ರಿಕೆಯಲ್ಲಿ ಮಿತಿ ಕೊಟ್ಟಿರಲಿಲ್ಲ ಅಂದರೆ ಎಎಲ್‌ಟಿಗೆ 40, ದೊಡ್ಡವರ ಎಎಲ್‌ಪಿಗೆ 120 ಇಟ್ಟುಕೊಳ್ಳಿ. 1260ನ್ನು 40ರಿಂದ ಭಾಗಿಸಿದರೆ 31.5 ಪಟ್ಟು. 190ನ್ನು 120ರಿಂದ ಭಾಗಿಸಿದರೆ ಸುಮಾರು 1.6 ಪಟ್ಟು. ಆರ್ ಸುಮಾರು 20. ಎಎಲ್‌ಪಿ ಏರಿದೆ ಅನ್ನುವುದು ನಿಜವೇ, ಆದರೆ ಎಎಲ್‌ಟಿ ಮೂವತ್ತು ಪಟ್ಟು ಏರಿದ ಕಡೆ ಇದು ಒಂದೂವರೆ ಪಟ್ಟು. ಹೆಪಟೈಟಿಸ್‌ನಲ್ಲಿ ಅಷ್ಟು ಏರುವುದು ಸಾಮಾನ್ಯ. ಜೊತೆಗೆ ವಯಸ್ಸು 22, ಮೊದಲು ಜ್ವರ ವಾಂತಿ, ಆಮೇಲೆ ಹಳದಿ. ನಮ್ಮ ಕಡೆ ಈ ಚಿತ್ರ ಕಂಡರೆ ಮೊದಲು ನೆನಪಾಗಬೇಕಾದ್ದು ಹೆಪಟೈಟಿಸ್ ಎ ಅಥವಾ ಇ.

ಇನ್ನೊಂದು ತುದಿಯ ಕೇಸ್ ಹೀಗಿರುತ್ತದೆ. 58 ವರ್ಷದ ವ್ಯಕ್ತಿ. ಮೂರು ವಾರದಿಂದ ಹಳದಿ ಏರುತ್ತಲೇ ಇದೆ, ಮೈತುಂಬ ತುರಿಕೆ, ಮಲ ಬಿಳಿಮಣ್ಣಿನ ಬಣ್ಣ, ನೋವಿಲ್ಲ. ಒಟ್ಟು ಬಿಲಿರುಬಿನ್ 14.2, ಡೈರೆಕ್ಟ್ 11.8, ಎಎಲ್‌ಟಿ 130, ಎಎಲ್‌ಪಿ 680. ಎಎಲ್‌ಟಿ ಸುಮಾರು 3 ಪಟ್ಟು, ಎಎಲ್‌ಪಿ ಹೆಚ್ಚುಕಡಿಮೆ 6 ಪಟ್ಟು. ಆರ್ 0.6ರ ಹತ್ತಿರ. ಮೂತ್ರದಲ್ಲಿ ಯೂರೊಬಿಲಿನೊಜನ್ ಇಲ್ಲ ಅಂತಲೂ ಕೊಟ್ಟಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಲೇ ಇಲ್ಲ ಎಂದಾಯಿತು. (ರೋಗಿ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಕರುಳಿನ ಬ್ಯಾಕ್ಟೀರಿಯಾ ಕಡಿಮೆಯಾಗಿಯೂ ಯೂರೊಬಿಲಿನೊಜನ್ ಕಾಣದೆ ಹೋಗಬಹುದು. ವೈವಾದಲ್ಲಿ ಇದನ್ನು ಕೇಳುವವರಿದ್ದಾರೆ.) ಈ ಕೇಸ್‌ಗೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ, ಓದಿದರೇ ಗೊತ್ತಾಗುತ್ತದೆ. ಪ್ಯಾಂಕ್ರಿಯಾಸ್ ತಲೆಯ ಗಡ್ಡೆಯನ್ನು ಹುಡುಕಲು ಹೇಳುತ್ತಿದ್ದಾರೆ.

ಈಗ ನಾನೇ ಎಡವಿದ ಕೇಸ್ ಹೇಳುತ್ತೇನೆ. ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಹತ್ತು ಗಂಟೆಗಳಿಂದ ಬಲಗಡೆ ಪಕ್ಕೆಯ ಕೆಳಗೆ ಜೋರು ನೋವು, ಎರಡು ಸಲ ವಾಂತಿ. ಬಿಲಿರುಬಿನ್ 2.8, ಎಎಸ್‌ಟಿ 710, ಎಎಲ್‌ಟಿ 620, ಎಎಲ್‌ಪಿ 138. ನಾನು ಲೆಕ್ಕ ಹಾಕಿದೆ. ಎಎಲ್‌ಟಿ 15.5 ಪಟ್ಟು, ಎಎಲ್‌ಪಿ 1.15 ಪಟ್ಟು, ಆರ್ 13ಕ್ಕಿಂತ ಜಾಸ್ತಿ. ಹೆಮ್ಮೆಯಿಂದ ಕೇಸ್ ಶೀಟಿನಲ್ಲಿ ಅಕ್ಯೂಟ್ ಹೆಪಟೈಟಿಸ್ ಅಂತ ಬರೆದೆ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ನಮ್ಮ ಮೇಡಂ ಅದನ್ನು ಓದಿ, "ಹೆಪಟೈಟಿಸ್‌ಗೆ ಇಷ್ಟು ನೋವು ಯಾಕ್ರೀ?" ಎಂದು ಮಾತ್ರ ಕೇಳಿದರು. ಅಲ್ಟ್ರಾಸೌಂಡ್ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲುಗಳು, ಪಿತ್ತನಾಳ 9 ಮಿ.ಮೀ. ಅಗಲ. ಸಹಜವಾಗಿ ಅದು 6 ಮಿ.ಮೀ. ಒಳಗೆ ಇರಬೇಕು.

ಆಗಿದ್ದೇನು? ಕಲ್ಲು ಥಟ್ಟನೆ ನಾಳಕ್ಕೆ ಸಿಕ್ಕಿಕೊಂಡಾಗ ಹಿಂದೆ ಒತ್ತಡ ಒಮ್ಮೆಲೇ ಏರುತ್ತದೆ. ಲಿವರ್ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ಚೆಲ್ಲುವ ಎಂಜೈಮ್‌ಗಳು ಗಂಟೆಗಳಲ್ಲಿ ಏರುತ್ತವೆ. ಐನೂರು, ಕೆಲವೊಮ್ಮೆ ಸಾವಿರವನ್ನೂ ಮುಟ್ಟುತ್ತವೆ. ಎಎಲ್‌ಪಿ ಮಾತ್ರ ಇನ್ನೂ ತಯಾರಾಗುತ್ತಿರುತ್ತದೆ. ಅಂದರೆ ಮೊದಲ ದಿನದ ರಿಪೋರ್ಟ್ ನೋಡಿದರೆ ಅಡಚಣೆಯೂ ಹೆಪಟೈಟಿಸ್‌ನ ವೇಷ ಹಾಕಿಕೊಂಡೇ ಬರುತ್ತದೆ.

ಅವರ ಮೂರನೇ ದಿನದ ರಿಪೋರ್ಟಿನಲ್ಲಿ ಎಎಸ್‌ಟಿ 105, ಎಎಲ್‌ಟಿ 300, ಎಎಲ್‌ಪಿ 290. ಆರ್ 3ರ ಹತ್ತಿರ, ಅಂದರೆ ಮಿಶ್ರ. ಆರನೇ ದಿನ ಎಎಲ್‌ಟಿ 106, ಎಎಲ್‌ಪಿ 330. ಆರ್ 1ಕ್ಕೆ ಇಳಿದಿತ್ತು. ಒಬ್ಬರೇ ರೋಗಿ, ಒಂದೇ ಕಲ್ಲು. ಆರು ದಿನದಲ್ಲಿ ಪುಸ್ತಕದ ಮೂರೂ ಗುಂಪುಗಳನ್ನು ದಾಟಿಬಿಟ್ಟರು. ಇಲ್ಲಿ ಎಎಸ್‌ಟಿ ಎಷ್ಟು ಬೇಗ ಬಿತ್ತು ನೋಡಿ. ರಕ್ತದಲ್ಲಿ ಎಎಸ್‌ಟಿಯ ಅರ್ಧಾಯು ಸುಮಾರು 17 ಗಂಟೆ, ಎಎಲ್‌ಟಿಯದ್ದು ಸುಮಾರು 47 ಗಂಟೆ. ಪೆಟ್ಟು ಒಂದೇ ಸಲ ಬಿದ್ದು ನಿಂತುಹೋದರೆ ಎರಡು ದಿನದಲ್ಲಿ ಎಎಸ್‌ಟಿ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ, ಎಎಲ್‌ಟಿ ಅರ್ಧಕ್ಕೆ ಇಳಿಯುತ್ತದೆ. ವೈರಲ್ ಹೆಪಟೈಟಿಸ್‌ನಲ್ಲಿ ಪೆಟ್ಟು ದಿನವೂ ಬೀಳುತ್ತಲೇ ಇರುವುದರಿಂದ ಇಷ್ಟು ಚುರುಕಾಗಿ ಬೀಳುವುದಿಲ್ಲ, ವಾರಗಟ್ಟಲೆ ತೆಗೆದುಕೊಳ್ಳುತ್ತದೆ.

ಪರೀಕ್ಷೆ ಮಾಡುವವರು ಈ ಬಲೆಯನ್ನು ಇಷ್ಟಪಡುತ್ತಾರೆ. ನಾನೂ ಒಂದೆರಡು ಸಲ ಹಾಕಿದ್ದೇನೆ. ಕೇಸ್‌ನಲ್ಲಿ ಎಎಲ್‌ಟಿ ನೂರಾರು ಇದ್ದು, ಜೊತೆಗೆ "ಗಂಟೆಗಳಿಂದ ನೋವು" ಅಂತ ಇದ್ದರೆ ಪೆನ್ನು ಕೆಳಗಿಡಿ. ಎರಡನೇ ರಿಪೋರ್ಟ್ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ದರೆ ಅದನ್ನು ಸುಮ್ನೆ ಕೊಟ್ಟಿರುವುದಿಲ್ಲ.

ಇದರ ತಿರುಗುಮುರುಗು ಬಲೆಯೂ ಇದೆ. ಹೆಪಟೈಟಿಸ್ ಎ ಆದ ಕೆಲವರಲ್ಲಿ ಎಎಲ್‌ಟಿ ಇಳಿದ ಮೇಲೂ ವಾರಗಟ್ಟಲೆ ಹಳದಿ ಮತ್ತು ತುರಿಕೆ ಉಳಿಯುತ್ತದೆ, ಎಎಲ್‌ಪಿ ಏರಿರುತ್ತದೆ. ಆ ಹೊತ್ತಿನ ರಿಪೋರ್ಟ್ ಒಂದನ್ನೇ ಕೊಟ್ಟರೆ ಅದು ಅಡಚಣೆಯಂತೆಯೇ ಕಾಣುತ್ತದೆ. ಅಲ್ಟ್ರಾಸೌಂಡಿನಲ್ಲಿ ನಾಳ ಹಿಗ್ಗಿರುವುದಿಲ್ಲ.

ಇಲ್ಲೇ ಆರ್ ಅನುಪಾತದ ದೊಡ್ಡ ಮಿತಿಯನ್ನೂ ಹೇಳಿಬಿಡುತ್ತೇನೆ. ಅದು ಕಡಿಮೆ ಬಂದರೆ "ಕೊಲೆಸ್ಟಾಸಿಸ್" ಅಂತ ಬರೆಯಬಹುದೇ ಹೊರತು "ಅಬ್‌ಸ್ಟ್ರಕ್ಷನ್" ಅಂತ ಬರೆಯುವ ಹಾಗಿಲ್ಲ. ಪಿತ್ತ ದೊಡ್ಡ ನಾಳದಲ್ಲಿ ಕಟ್ಟಿದರೂ ಎಎಲ್‌ಪಿ ಏರುತ್ತದೆ, ಲಿವರ್‌ನೊಳಗಿನ ಸಣ್ಣ ನಾಳಗಳಲ್ಲಿ ಅಥವಾ ಜೀವಕೋಶದ ಪಂಪಿನಲ್ಲೇ ನಿಂತರೂ ಏರುತ್ತದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇರುವ ಮಾತ್ರೆ ನುಂಗಿ ಕೆಲವು ವಾರದ ಮೇಲೆ ಹಳದಿಯಾಗಿ ಬರುವವರ ರಿಪೋರ್ಟ್ ಅನೇಕ ಸಲ ಕಲ್ಲು ಸಿಕ್ಕಿಕೊಂಡವರ ರಿಪೋರ್ಟಿನ ಹಾಗೇ ಇರುತ್ತದೆ. ಇವೆರಡನ್ನು ರಕ್ತಪರೀಕ್ಷೆ ಬೇರೆ ಮಾಡಲಾರದು, ಅಲ್ಟ್ರಾಸೌಂಡ್ ಬೇಕು. ಉತ್ತರದಲ್ಲಿ "ಕೊಲೆಸ್ಟಾಟಿಕ್ ಪ್ಯಾಟರ್ನ್; ನಾಳ ಹಿಗ್ಗಿದೆಯೇ ಎಂದು ನೋಡಲು ಅಲ್ಟ್ರಾಸೌಂಡ್" ಅಂತ ಬರೆದವರಿಗೆ ನಾನು ಯಾವಾಗಲೂ ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಎಎಲ್‌ಪಿ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದು ಲಿವರ್‌ನ ಸ್ವಂತ ಆಸ್ತಿಯಲ್ಲ. ಬೆಳೆಯುವ ಎಲುಬೂ ತಯಾರಿಸುತ್ತದೆ, ಗರ್ಭಿಣಿಯರಲ್ಲಿ ಮಾಸೂ ತಯಾರಿಸುತ್ತದೆ. 13 ವರ್ಷದ ಹುಡುಗನಿಗೆ ಕಾಮಾಲೆ, ಎಎಲ್‌ಟಿ 600, ಎಎಲ್‌ಪಿ 420 ಅಂತ ಕೊಟ್ಟರು ಅಂದುಕೊಳ್ಳಿ. ದೊಡ್ಡವರ ಮಿತಿ 120 ಹಾಕಿದರೆ ಆರ್ 4.3, ಅಂದರೆ ಮಿಶ್ರ. ಆದರೆ ಎತ್ತರ ಬೆಳೆಯುತ್ತಿರುವ ಆ ವಯಸ್ಸಿನ ಹುಡುಗನಿಗೆ 400ರ ಹತ್ತಿರ ಇರುವುದು ಸಹಜವೇ. ಆ ಮಿತಿಯಲ್ಲಿ ಲೆಕ್ಕ ಹಾಕಿದರೆ ಆರ್ 14 ದಾಟುತ್ತದೆ, ಉತ್ತರ ಶುದ್ಧ ಹೆಪಟೈಟಿಸ್. ಸಂಶಯ ಬಂದಾಗ ಜಿಜಿಟಿ ನೋಡಿ. ಎಲುಬಿನ ಎಎಲ್‌ಪಿ ಏರಿದಾಗ ಜಿಜಿಟಿ ಏರುವುದಿಲ್ಲ, ಪಿತ್ತ ಕಟ್ಟಿದಾಗ ಎರಡೂ ಏರುತ್ತವೆ. ಜಿಜಿಟಿ ಒಂದೇ ಏರಿದ್ದರೆ ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಮದ್ಯ, ಫೆನಿಟೋಯಿನ್ ಇವೆಲ್ಲ ಅದನ್ನು ಏರಿಸುತ್ತವೆ.

ಮದ್ಯದ ಮಾತು ಬಂತು ಅಂತ ಒಂದು ಸಾಲು. ಆಲ್ಕೊಹಾಲಿಕ್ ಹೆಪಟೈಟಿಸ್‌ನಲ್ಲಿ ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟಿಗಿಂತ ಜಾಸ್ತಿ ಇರುತ್ತದೆ, ಆದರೆ ಸಾಮಾನ್ಯವಾಗಿ 400 ದಾಟುವುದಿಲ್ಲ. ಎಎಲ್‌ಟಿ ಕಡಿಮೆ ಇರುವುದರಿಂದ ಆರ್ ಕೂಡ ಕಡಿಮೆ ಬಂದು ಮೋಸ ಮಾಡುತ್ತದೆ. ಅಲ್ಲಿ ಆರ್ ಬಿಟ್ಟು ಎಎಸ್‌ಟಿ, ಎಎಲ್‌ಟಿ ಅನುಪಾತವನ್ನೇ ನಂಬಿ.

ಕೊನೆಗೆ ಪಿಟಿ, ಅಂದರೆ ಪ್ರೋಥ್ರಾಂಬಿನ್ ಟೈಮ್. ಹುಡುಗರು ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಏಕೆಂದರೆ ಎರಡರಲ್ಲೂ ಅದು ಉದ್ದವಾಗಬಹುದು. ಕಾರಣ ಮಾತ್ರ ಬೇರೆ. ನಾಳ ಕಟ್ಟಿದಾಗ ಪಿತ್ತ ಕರುಳಿಗೆ ಹೋಗುವುದಿಲ್ಲ. ಪಿತ್ತ ಇಲ್ಲದೆ ಕೊಬ್ಬಿನಲ್ಲಿ ಕರಗುವ ವಿಟಮಿನ್ ಕೆ ಹೀರಿಕೊಳ್ಳುವುದಿಲ್ಲ. ಕಾರ್ಖಾನೆ ಚೆನ್ನಾಗಿದೆ, ಕಚ್ಚಾ ಮಾಲು ಬರುತ್ತಿಲ್ಲ ಅಷ್ಟೆ. ವಿಟಮಿನ್ ಕೆ 10 ಮಿ.ಗ್ರಾಂ. ಇಂಜೆಕ್ಷನ್ ಕೊಟ್ಟು 24 ಗಂಟೆ ಬಿಟ್ಟು ನೋಡಿದರೆ ಪಿಟಿ ಸಹಜದ ಕಡೆಗೆ ಬಂದಿರುತ್ತದೆ. ತೀವ್ರ ಹೆಪಟೈಟಿಸ್‌ನಲ್ಲಿ ಕಾರ್ಖಾನೆಯೇ ಕೆಟ್ಟಿದೆ, ಇಂಜೆಕ್ಷನ್ ಕೊಟ್ಟರೂ ಪಿಟಿ ಕದಲುವುದಿಲ್ಲ. ಮಾತ್ರೆ ಕೊಟ್ಟು ನೋಡಬಹುದಲ್ವಾ ಅಂತ ಕೇಳಬೇಡಿ. ಪಿತ್ತ ಇಲ್ಲದ ಕರುಳಿಗೆ ಮಾತ್ರೆ ಕೊಟ್ಟರೆ ಅದೂ ಹೀರಿಕೊಳ್ಳುವುದಿಲ್ಲ.

ಹೆಪಟೈಟಿಸ್‌ನಲ್ಲಿ ಪಿಟಿ ಬೇಗ ಬದಲಾಗುತ್ತದೆ, ಏಕೆಂದರೆ ಏಳನೇ ಫ್ಯಾಕ್ಟರ್‌ನ ಅರ್ಧಾಯು ಸುಮಾರು 6 ಗಂಟೆ ಮಾತ್ರ. ಆಲ್ಬುಮಿನ್ ಅರ್ಧಾಯು ಸುಮಾರು 20 ದಿನ. ಐದು ದಿನದ ಕಾಯಿಲೆಯಲ್ಲಿ ಆಲ್ಬುಮಿನ್ 2.4 ಅಂತ ಕೊಟ್ಟಿದ್ದರೆ ಲಿವರ್ ಮೊದಲೇ ಕೆಟ್ಟಿತ್ತೇ ಅಂತ ಯೋಚಿಸಿ. ಇನ್ನೊಂದು, ಎಎಲ್‌ಟಿ 2000ದಿಂದ 300ಕ್ಕೆ ಇಳಿಯಿತು, ಆದರೆ ಬಿಲಿರುಬಿನ್ ಮತ್ತು ಪಿಟಿ ಏರುತ್ತಿವೆ ಅಂತ ಇದ್ದರೆ "ಗುಣವಾಗುತ್ತಿದೆ" ಅಂತ ಬರೆಯಬೇಡಿ. ಚೆಲ್ಲಲು ಜೀವಕೋಶಗಳೇ ಉಳಿದಿಲ್ಲ ಅಂತ ಅರ್ಥ. ರೋಗಿ ಲಿವರ್ ಫೇಲ್ಯೂರ್ ಕಡೆಗೆ ಹೋಗುತ್ತಿದ್ದಾರೆ.

ನಿಮ್ಮ ಇಂಟರ್ನಲ್ಸ್ ಕೇಸ್‌ಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: "ಬಿಲಿರುಬಿನ್‌ನ ಮೂರನೇ ಎರಡು ಭಾಗ ಡೈರೆಕ್ಟ್, ಆದ್ದರಿಂದ ಹಿಮೊಲಿಟಿಕ್ ಅಲ್ಲ. ಎಎಲ್‌ಟಿ ಸುಮಾರು 31 ಪಟ್ಟು, ಎಎಲ್‌ಪಿ ಸುಮಾರು 1.6 ಪಟ್ಟು, ಆರ್ ಸುಮಾರು 20, ಹೆಪಾಟೊಸೆಲ್ಯುಲರ್ ಪ್ಯಾಟರ್ನ್. ಜ್ವರ, ವಾಂತಿ ಆದ ಮೇಲೆ ಹಳದಿ, ತೀವ್ರ ನೋವಿಲ್ಲ. ಅಕ್ಯೂಟ್ ವೈರಲ್ ಹೆಪಟೈಟಿಸ್ ಸಾಧ್ಯತೆ ಜಾಸ್ತಿ. ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಐಜಿಎಂ ಆಂಟಿಬಾಡಿ, ಹೆಪಟೈಟಿಸ್ ಬಿ ಸರ್ಫೇಸ್ ಆಂಟಿಜನ್ ಕೇಳಬೇಕು. ತೀವ್ರತೆ ತಿಳಿಯಲು ಪಿಟಿ ನೋಡಬೇಕು." ಐದಾರು ಸಾಲು ಸಾಕು. ಲೆಕ್ಕವನ್ನು ಉತ್ತರಪತ್ರಿಕೆಯಲ್ಲೇ ಮಾಡಿ ತೋರಿಸಿ. ಹೆಸರು ತಪ್ಪಾದರೂ ಲೆಕ್ಕ ಸರಿಯಿದ್ದರೆ ತಿದ್ದುವವರು ಅರ್ಧ ಅಂಕವಾದರೂ ಕೊಡುತ್ತಾರೆ, ನಾನಂತೂ ಕೊಡುತ್ತೇನೆ.